ನೆರಳಿನ ದೋಣಿ, ಗಳಿಗೆ ಬಟ್ಟಲು: ಯಂತ್ರ ಗಡಿಯಾರ ಇಲ್ಲದ ಕಾಲದ ಹೊತ್ತನ್ನು ಮಾಡಿ ನೋಡುವ ಕ್ರಮ

ನಮ್ಮ ಪಂಚಾಂಗದಲ್ಲಿ ಇವತ್ತಿಗೂ ತಿಥಿ, ನಕ್ಷತ್ರಗಳ ಎದುರು ಗಳಿಗೆ, ವಿಗಳಿಗೆ ಎಂಬ ಅಂಕಿಗಳಿರುತ್ತವೆ. ಒಂದು ಹಗಲು ರಾತ್ರಿಗೆ 60 ಗಳಿಗೆ. ಹಾಗಾಗಿ ಒಂದು ಗಳಿಗೆ ಎಂದರೆ ನಮ್ಮ 24 ನಿಮಿಷ. ಒಂದು ಗಳಿಗೆಗೆ 60 ವಿಗಳಿಗೆ, ಒಂದೊಂದೂ 24 ಸೆಕೆಂಡು. ಎರಡು ಗಳಿಗೆ ಸೇರಿದರೆ ಒಂದು ಮುಹೂರ್ತ, ಏಳೂವರೆ ಗಳಿಗೆ ಕಳೆದರೆ ಒಂದು ಜಾವ.

ಇದನ್ನು ಅಳೆಯಲು ಎರಡು ಸಾಧನಗಳಿದ್ದವು. ಹಗಲಿಗೆ ನೆರಳು, ರಾತ್ರಿಗೂ ಮೋಡದ ದಿನಕ್ಕೂ ನೀರು. ನೆರಳು ‘ಈಗ ಹೊತ್ತೆಷ್ಟು’ ಎಂದು ಹೇಳುತ್ತದೆ, ಆದರೆ ಬಿಸಿಲು ಹೋದೊಡನೆ ಸುಮ್ಮನಾಗುತ್ತದೆ. ನೀರು ‘ಎಷ್ಟು ಹೊತ್ತು ಕಳೆಯಿತು’ ಎಂದು ಹೇಳುತ್ತದೆ, ಆದರೆ ಎಲ್ಲಿಂದ ಎಣಿಸಬೇಕೆಂದು ಅದಕ್ಕೆ ತಿಳಿಯದು. ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದಿಕೊಂಡೇ ಇವೆರಡೂ ಬಾಳಿದವು. ಕೆಳಗೆ ಎರಡನ್ನೂ ಮಾಡುವ ಕ್ರಮವಿದೆ. ಲೆಕ್ಕವೆಲ್ಲ ಬೆಂಗಳೂರಿನದು, ಅಂದರೆ ಅಕ್ಷಾಂಶ ಸುಮಾರು 13 ಡಿಗ್ರಿ, ರೇಖಾಂಶ 77.6 ಡಿಗ್ರಿ. ಬೇರೆ ಊರಿನವರು ಯಾವ ಅಂಕಿಯನ್ನು ಬದಲಿಸಬೇಕೆಂಬುದನ್ನು ಆಯಾ ಕಡೆಯೇ ಹೇಳಿದೆ.

ಚಪ್ಪಟೆ ಫಲಕ ನಮ್ಮ ಕಡೆಗೆ ಯಾಕೆ ಹೊಂದುವುದಿಲ್ಲ

ಸೂರ್ಯಗಡಿಯಾರ ಎಂದೊಡನೆ ಕಣ್ಣಿಗೆ ಬರುವುದು ನೆಲಕ್ಕೆ ಸಮವಾದ ದುಂಡು ಫಲಕ, ಅದರ ಮೇಲೆ ಓರೆಯಾಗಿ ನಿಂತ ತ್ರಿಕೋನ. ಅದು ಯುರೋಪಿನ ಅಕ್ಷಾಂಶಕ್ಕೆ ಒಗ್ಗಿದ ರೂಪ. ಬೆಂಗಳೂರಿನಲ್ಲಿ ಅಂಥ ಫಲಕ ಮಾಡಿದರೆ 12ರ ಗೆರೆಗೂ 1ರ ಗೆರೆಗೂ ನಡುವೆ ಬರೀ 3.4 ಡಿಗ್ರಿ ಅಂತರ ಸಿಗುತ್ತದೆ, 5ರ ಗೆರೆಗೂ 6ರ ಗೆರೆಗೂ ನಡುವೆ 50 ಡಿಗ್ರಿ. ಮಧ್ಯಾಹ್ನದ ಹೊತ್ತು ಒಂದೆಡೆ ಒತ್ತಿಕೊಂಡು ಓದಲು ಬಾರದು.

ಅದಕ್ಕೇ ಅರ್ಧ ಕೊಳವೆಯ ರೂಪ ಲೇಸು. ಒಂದು ಪೈಪನ್ನು ಉದ್ದಕ್ಕೆ ಸೀಳಿದರೆ ದೋಣಿಯಂಥ ತೊಟ್ಟಿ ಸಿಗುತ್ತದೆ. ಅದರ ನಡು ಅಕ್ಷದಲ್ಲಿ ಒಂದು ತಂತಿ ಬಿಗಿದು, ಆ ತಂತಿಯನ್ನು ಧ್ರುವದ ಕಡೆಗೆ ತಿರುಗಿಸಿಟ್ಟರೆ ನೆರಳು ದೋಣಿಯ ಒಳಮೈ ಮೇಲೆ ಇಡೀ ದಿನ ಒಂದೇ ವೇಗದಲ್ಲಿ ಸರಿಯುತ್ತದೆ. ಗೆರೆಗಳೆಲ್ಲ ಒಂದೇ ಸಮನಾದ ಅಂತರದಲ್ಲಿ ಬರುವುದರಿಂದ ತ್ರಿಕೋನಮಿತಿಯೇ ಬೇಡ. ಜೈಪುರದ ಸಾಮ್ರಾಟ್ ಯಂತ್ರ ಎಂಬ ಭಾರಿ ಸೂರ್ಯಗಡಿಯಾರದ ಎರಡು ಕಮಾನುಗಳೂ ಇದೇ ತತ್ತ್ವದವು. ನಾವು ತಂತಿ ಕಟ್ಟುವ ಕಡೆ ಅಲ್ಲಿ ಗೋಡೆಯ ಅಂಚು ಇದೆ, ಅಷ್ಟೆ.

ನೆರಳಿನ ದೋಣಿ ಮಾಡುವುದು

ಬೇಕಾದದ್ದು: 160 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪಿನ 30 ಸೆಂ.ಮೀ. ತುಂಡು, ಎರಡು ಪ್ಲೈವುಡ್ ಚೂರು, 2 ಮಿ.ಮೀ. ದಪ್ಪದ ನೇರ ತಂತಿ, ಒಂದು ಹಲಗೆ, ಬಿಳಿ ಕಾಗದ.

1. ಪೈಪಿನ ಸುತ್ತ ಒಂದು ಕಾಗದದ ಪಟ್ಟಿ ಸುತ್ತಿ, ಅದನ್ನು ಸರಿಯಾಗಿ ಎರಡು ಮಡಿಕೆ ಮಾಡಿ. ಆ ಅಳತೆಯಲ್ಲಿ ಪೈಪಿನ ಎರಡೂ ತುದಿಗೆ ಗುರುತು ಹಾಕಿ, ಗೆರೆ ಎಳೆದು ಗರಗಸದಿಂದ ಸೀಳಿ. ಕಣ್ಣಂದಾಜಿನಲ್ಲಿ ಸೀಳಿದರೆ ಒಂದು ಅಂಚು ಮೇಲೆ, ಒಂದು ಕೆಳಗೆ ಆಗುತ್ತದೆ.

2. ದೋಣಿಯ ಎರಡು ತುದಿಗೂ ಪ್ಲೈವುಡ್ ಮುಚ್ಚಳ ಹೊಡೆಯಿರಿ. ಎರಡು ಅಂಚುಗಳನ್ನು ಕೂಡಿಸುವ ಗೆರೆಯ ನಟ್ಟನಡುವೆ ರಂಧ್ರ ಕೊರೆದು ತಂತಿ ಪೋಣಿಸಿ. ಇಡೀ ಯಂತ್ರದಲ್ಲಿ ಹೆಚ್ಚು ನಿಗಾ ಬೇಕಾದ ಜಾಗ ಇದು. ತಂತಿ ಪಕ್ಕಕ್ಕೆ 1 ಮಿ.ಮೀ. ಸರಿದಿದ್ದರೆ ನಡುಹಗಲಿನ ಹೊತ್ತು 3 ನಿಮಿಷ ತಪ್ಪುತ್ತದೆ. ಮೇಲೆ ಕೆಳಗೆ 1 ಮಿ.ಮೀ. ಸರಿದಿದ್ದರೆ ನಡುಹಗಲು ಸರಿಯಾಗಿಯೇ ಇದ್ದು, ಬೆಳಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಎರಡೆರಡು ನಿಮಿಷದ ತಪ್ಪು ಬರುತ್ತದೆ.

3. ದೋಣಿಯ ಒಳಮೈಗೆ ಕಾಗದದ ಪಟ್ಟಿಯನ್ನು ಅಂಚಿನಿಂದ ಅಂಚಿಗೆ ಒತ್ತಿ ಹಿಡಿದು ಕತ್ತರಿಸಿ. ಗೋಡೆ 4 ಮಿ.ಮೀ. ದಪ್ಪ ಇರುವ ಪೈಪಿನಲ್ಲಿ ಅದು ಸುಮಾರು 239 ಮಿ.ಮೀ. ಬರುತ್ತದೆ. ಅದನ್ನು 30 ಸಮಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ಗಳಿಗೆ, ಅಂದರೆ ಹೆಚ್ಚು ಕಡಿಮೆ 8 ಮಿ.ಮೀ. ಗಂಟೆಯಲ್ಲೇ ಓದಬೇಕೆಂದರೆ 12 ಭಾಗ ಮಾಡಿ, ಗಂಟೆಗೆ 20 ಮಿ.ಮೀ. ಸಿಗುತ್ತದೆ.

4. ಪಟ್ಟಿಯನ್ನು ದೋಣಿಯ ಉದ್ದದ ನಡುಭಾಗದಲ್ಲೇ ಅಂಟಿಸಿ. ಡಿಸೆಂಬರ್, ಜೂನ್ ತಿಂಗಳಲ್ಲಿ ತುದಿಯ ಮುಚ್ಚಳದ ನೆರಳು ಮೂರು ಸೆಂ.ಮೀ.ಗೂ ಮಿಕ್ಕಿ ಒಳಗೆ ಬರುತ್ತದೆ. ಸೊನ್ನೆಯ ಗುರುತು ಪಡುವಣ ಅಂಚಿಗೆ, 15 ತಳಕ್ಕೆ, 30 ಮೂಡಣ ಅಂಚಿಗೆ ಇರಲಿ, ಯಾಕೆಂದರೆ ಮೂಡಣದ ಬಿಸಿಲು ತಂತಿಯ ನೆರಳನ್ನು ಪಡುವಣ ಗೋಡೆಗೆ ಚೆಲ್ಲುತ್ತದೆ.

5. ದೋಣಿಯ ಉತ್ತರದ ತುದಿಯನ್ನು ಊರಿನ ಅಕ್ಷಾಂಶದಷ್ಟು ಎತ್ತಿ ಹಲಗೆಗೆ ಕೂರಿಸಿ. 30 ಸೆಂ.ಮೀ. ದೋಣಿಗೆ ಬೆಂಗಳೂರಿನಲ್ಲಿ 6.7 ಸೆಂ.ಮೀ., ಬೆಳಗಾವಿಯಲ್ಲಿ 8.2 ಸೆಂ.ಮೀ., ಕಲಬುರಗಿಯಲ್ಲಿ 8.9 ಸೆಂ.ಮೀ. ಎತ್ತರ ಬೇಕು.

ದಿಕ್ಕು ಹಿಡಿಯುವುದು: ಶಂಕುವಿನ ಸುತ್ತಿನ ವೃತ್ತ

ದಿಕ್ಸೂಚಿ ಸಾಕು ಅನಿಸಬಹುದು. ಆದರೆ ತಾರಸಿಯ ಕಬ್ಬಿಣದ ಸರಳು, ನೀರಿನ ಟ್ಯಾಂಕಿನ ಸ್ಟ್ಯಾಂಡು ಹತ್ತಿರವಿದ್ದರೆ ಅದರ ಮುಳ್ಳು ಎತ್ತಲೋ ತಿರುಗಿ ನಿಲ್ಲುತ್ತದೆ. ಸೂರ್ಯಸಿದ್ಧಾಂತ ಎಂಬ ಜ್ಯೋತಿಷ ಗ್ರಂಥದಲ್ಲಿ ಹೇಳಿರುವ ಹಳೆಯ ವಿಧಾನಕ್ಕೆ ಕಬ್ಬಿಣದ ಕಾಟವಿಲ್ಲ.

ಸಮ ನೆಲದ ಮೇಲೆ 12 ಅಂಗುಲದ ಶಂಕು ನೆಡು ಎನ್ನುತ್ತದೆ ಶಾಸ್ತ್ರ. ನಮಗೆ ಹಲಗೆಯ ಮೇಲೆ ಲಂಬವಾಗಿ ನಿಂತ 12 ಸೆಂ.ಮೀ. ಕಡ್ಡಿ ಸಾಕು. ಅದರ ಬುಡವನ್ನೇ ಕೇಂದ್ರವಾಗಿಟ್ಟು 15 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಬೆಳಗ್ಗೆ ನೆರಳು ಉದ್ದವಾಗಿ ವೃತ್ತದ ಹೊರಗಿರುತ್ತದೆ, ಬರಬರುತ್ತ ಗಿಡ್ಡವಾಗಿ ಅದರ ತುದಿ ಒಂದು ಕಡೆ ವೃತ್ತವನ್ನು ಮುಟ್ಟಿ ಒಳಗೆ ಬರುತ್ತದೆ. ಅಲ್ಲಿ ಒಂದು ಚುಕ್ಕೆ. ಮಧ್ಯಾಹ್ನದ ಮೇಲೆ ಇನ್ನೊಂದು ಕಡೆ ಹೊರಗೆ ಹೋಗುವಾಗ ಎರಡನೆಯ ಚುಕ್ಕೆ. ಎರಡನ್ನೂ ಕೂಡಿಸಿದ ಗೆರೆ ಮೂಡಣ ಪಡುವಣ, ಅದಕ್ಕೆ ಲಂಬವಾಗಿ ಎಳೆದದ್ದು ತೆಂಕಣ ಬಡಗಣ. ಲಂಬ ಎಳೆಯಲು ಎರಡು ಚುಕ್ಕೆಗಳಿಂದಲೂ ಒಂದೇ ಅಳತೆಯ ಕಮಾನು ಹಾಕಿದಾಗ ಮೀನಿನಂಥ ಆಕಾರ ಬರುತ್ತದೆ. ಶಾಸ್ತ್ರಕಾರರು ಅದನ್ನು ಮತ್ಸ್ಯ ಎಂದೇ ಕರೆದರು. ಮೀನಿನ ಮೂತಿಯಿಂದ ಬಾಲಕ್ಕೆ ಗೆರೆ ಎಳೆದರೆ ಆಯಿತು.

ಮೋಡ ಬಂದು ಎರಡನೆಯ ಚುಕ್ಕೆ ಕೈತಪ್ಪುವುದು ಸಾಮಾನ್ಯ. ಅದಕ್ಕೇ 12, 15, 18 ಸೆಂ.ಮೀ. ಹೀಗೆ ಮೂರು ವೃತ್ತ ಎಳೆದಿಟ್ಟುಕೊಳ್ಳಿ. ಮೂರು ಜೋಡಿ ಸಿಕ್ಕರೆ ಮೂರು ಗೆರೆಗಳೂ ಸಮಾಂತರವಾಗಿರಬೇಕು. ಇಲ್ಲದಿದ್ದರೆ ಹಲಗೆ ಸಮವಾಗಿಲ್ಲ, ಇಲ್ಲವೇ ಕಡ್ಡಿ ವಾಲಿದೆ.

ಸಮತಟ್ಟು ಮೊದಲು, ದಿಕ್ಕು ಆಮೇಲೆ

ಸೂರ್ಯಗಡಿಯಾರ ಕೂರಿಸುವವರು ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದು ಉತ್ತರ ದಿಕ್ಕಿಗಾಗಿ. ನಮ್ಮ ಅಕ್ಷಾಂಶದಲ್ಲಿ ಅದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹಲಗೆಯ ವಾಲು.

ಕಾರಣ ಸರಳ. ಇಲ್ಲಿ ಧ್ರುವ ದಿಗಂತಕ್ಕೆ ಬಲು ಹತ್ತಿರ, 13 ಡಿಗ್ರಿ ಮೇಲಿದೆ ಅಷ್ಟೆ. ಅದರ ಕಡೆ ನೋಡುವ ತಂತಿ ಹೆಚ್ಚು ಕಡಿಮೆ ಮಲಗಿಯೇ ಇರುತ್ತದೆ. ಹಲಗೆ ಮೂಡಣಕ್ಕೋ ಪಡುವಣಕ್ಕೋ ವಾಲಿದರೆ ದೋಣಿ ತನ್ನ ತಂತಿಯ ಸುತ್ತಲೇ ಉರುಳಿದಂತೆ ಆಗುತ್ತದೆ, ಅಂದರೆ ನೇರವಾಗಿ ಹೊತ್ತೇ ಜರುಗುತ್ತದೆ. 1 ಡಿಗ್ರಿ ವಾಲಿದರೆ ಸುಮಾರು 4 ನಿಮಿಷ ತಪ್ಪು, ಅದೂ ಎಲ್ಲ ಋತುವಿನಲ್ಲೂ. 16 ಸೆಂ.ಮೀ. ಅಗಲದ ಹಲಗೆಯಲ್ಲಿ 1 ಡಿಗ್ರಿ ಎಂದರೆ ಒಂದು ಬದಿ 2.8 ಮಿ.ಮೀ. ಎತ್ತರ. ಎರಡು ಮಡಿಕೆ ರಟ್ಟು ಸಿಕ್ಕಿಕೊಂಡರೂ ಅಷ್ಟಾಗುತ್ತದೆ.

ದಿಕ್ಕು 1 ಡಿಗ್ರಿ ತಪ್ಪಿದರೆ ಡಿಸೆಂಬರ್ ನಡುಹಗಲಿನಲ್ಲಿ ಎರಡೂವರೆ ನಿಮಿಷ, ಜೂನ್ ನಡುಹಗಲಿನಲ್ಲಿ ಒಂದು ನಿಮಿಷದೊಳಗೆ ತಪ್ಪು ಬರುತ್ತದೆ. ಹಾಗಾಗಿ ಮಟ್ಟಗೋಲಿಗೆ ಮೊದಲ ಮರ್ಯಾದೆ. ಮಟ್ಟಗೋಲು ಇಲ್ಲದಿದ್ದರೆ ದೋಣಿಯ ಅಡ್ಡಕ್ಕೆ ಪಾರದರ್ಶಕ ನಳಿಕೆ ಹಿಡಿದು ನೀರು ತುಂಬಿ ನೋಡಿ. ಕಟ್ಟಡದ ಮೇಸ್ತ್ರಿಗಳು ಮಾಡುವುದು ಅದನ್ನೇ, ಹಳೆಯ ಗ್ರಂಥಗಳು ‘ನೀರಿನಿಂದ ಸಮ ಮಾಡಿದ ನೆಲ’ ಎನ್ನುವುದೂ ಅದನ್ನೇ.

ಊರು ತಪ್ಪಿದ ಗಡಿಯಾರ

ಬೆಂಗಳೂರಿಗೆಂದು ಎತ್ತರ ಇಟ್ಟ ದೋಣಿಯನ್ನು ಹಾಗೆಯೇ ಕಲಬುರಗಿಗೆ ಒಯ್ದರೆ ಅಕ್ಷಾಂಶದಲ್ಲಿ 4.4 ಡಿಗ್ರಿ ವ್ಯತ್ಯಾಸ. ಇದೇ ತಪ್ಪನ್ನು, ಹೆಚ್ಚು ಕಡಿಮೆ ಇದೇ ಅಳತೆಯಲ್ಲಿ, ರೋಮನ್ನರು ಮಾಡಿದ್ದರು. ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿರುವ ಪ್ರಕಾರ ಕ್ರಿ.ಪೂ. 263ರಲ್ಲಿ ಸಿಸಿಲಿಯ ಕೆಟಾನಿಯಾ ಊರನ್ನು ಗೆದ್ದವರು ಅಲ್ಲಿನ ಸೂರ್ಯಗಡಿಯಾರವನ್ನು ಕಿತ್ತು ತಂದು ರೋಮಿನ ಚೌಕದಲ್ಲಿ ನಿಲ್ಲಿಸಿದರು. ಕೆಟಾನಿಯಾ 37.5 ಡಿಗ್ರಿಯಲ್ಲಿದೆ, ರೋಮು 41.9ರಲ್ಲಿ. ಗೆರೆಗಳು ರೋಮಿನ ಹೊತ್ತಿಗೆ ಹೊಂದುತ್ತಿರಲಿಲ್ಲ. ಆದರೂ 99 ವರ್ಷ ಜನ ಅದನ್ನೇ ನೋಡಿ ನಡೆದರು.

ಅಷ್ಟು ವರ್ಷ ಹೇಗೆ ನಡೆಯಿತು ಎಂಬುದು ನಮ್ಮ ದೋಣಿಯನ್ನು ನೋಡಿದರೆ ತಿಳಿಯುತ್ತದೆ. ಎತ್ತರ ತಪ್ಪಿದ ದೋಣಿ ನಡುಹಗಲಿನಲ್ಲಿ ಸರಿಯಾಗಿಯೇ ತೋರಿಸುತ್ತದೆ. ಹಗಲು ರಾತ್ರಿ ಸಮವಿರುವ ಮಾರ್ಚ್, ಸೆಪ್ಟೆಂಬರ್ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೂ ಸರಿ. ತಪ್ಪು ಕಾಣುವುದು ಜೂನ್, ಡಿಸೆಂಬರ್ ಬೆಳಗು ಸಂಜೆಗಳಲ್ಲಿ ಮಾತ್ರ. 4.4 ಡಿಗ್ರಿಯ ತಪ್ಪಿಗೆ ಬೆಳಗಿನ ಎಂಟರ ಹೊತ್ತಿಗೆ ಆರೂವರೆ ನಿಮಿಷ, ಮಧ್ಯಾಹ್ನ ನಾಲ್ಕಕ್ಕೆ ಅಷ್ಟೇ ತಪ್ಪು ಎದುರು ದಿಕ್ಕಿನಲ್ಲಿ. ನಡುಹಗಲಿನಲ್ಲಿ ಮಾತ್ರ ಪರೀಕ್ಷಿಸುವವನಿಗೆ ಇದು ಸಿಕ್ಕುವುದೇ ಇಲ್ಲ. ಇನ್ನೊಂದು ಗಡಿಯಾರ ಪಕ್ಕದಲ್ಲಿ ಇಲ್ಲದ ಊರಿನಲ್ಲಿ ಯಾರು ಯಾರನ್ನು ಕೇಳಬೇಕು?

ಕೈಗಡಿಯಾರದ ಜೊತೆ ಹೊಂದಿಸುವುದು

ಎಲ್ಲ ಸರಿ ಇದ್ದರೂ ದೋಣಿ ಕೈಗಡಿಯಾರಕ್ಕೆ ಹೊಂದುವುದಿಲ್ಲ. ಇದು ದೋಣಿಯ ತಪ್ಪಲ್ಲ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು. ಒಂದು ಡಿಗ್ರಿಗೆ 4 ನಿಮಿಷದಂತೆ ಬೆಂಗಳೂರಿಗೆ 19 ನಿಮಿಷ 36 ಸೆಕೆಂಡು, ಮಂಗಳೂರಿಗೆ ಮೂವತ್ತೂವರೆ ನಿಮಿಷ ಕೂಡಿಸಬೇಕು. ಇದು ವರ್ಷಪೂರ್ತಿ ಬದಲಾಗದ ಅಂಕಿ.

ಬದಲಾಗುವುದು ಇನ್ನೊಂದು. ಭೂಮಿಯ ಕಕ್ಷೆ ಅಂಡಾಕಾರ, ಅದರ ಅಕ್ಷ ಓರೆ, ಹಾಗಾಗಿ ಸೂರ್ಯ ನೆತ್ತಿಗೆ ಬಂದು ಮತ್ತೆ ನೆತ್ತಿಗೆ ಬರುವ ಅವಧಿ ದಿನದಿನಕ್ಕೂ ಕೊಂಚ ಬೇರೆ. ಫೆಬ್ರವರಿ 11ರ ಹೊತ್ತಿಗೆ ಸೂರ್ಯ 14 ನಿಮಿಷ ಹಿಂದೆ ಬಿದ್ದಿರುತ್ತಾನೆ, ನವೆಂಬರ್ 3ರ ಹೊತ್ತಿಗೆ 16 ನಿಮಿಷ ಮುಂದೆ ಓಡಿರುತ್ತಾನೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಸುಮಾರಿಗೆ ವ್ಯತ್ಯಾಸ ಸೊನ್ನೆ.

ಲೆಕ್ಕ ಹೀಗೆ. ಬೆಂಗಳೂರು, ಫೆಬ್ರವರಿ 11. ನೆರಳು ತಳದ 15ನೇ ಗಳಿಗೆಯ ಗೆರೆ ಮೇಲಿದೆ, ಅಂದರೆ ನೆರಳಿನ ಪ್ರಕಾರ 12. ಅದಕ್ಕೆ ರೇಖಾಂಶದ 20 ನಿಮಿಷ, ಸೂರ್ಯ ಹಿಂದುಳಿದ 14 ನಿಮಿಷ ಕೂಡಿಸಿ. ಕೈಗಡಿಯಾರದಲ್ಲಿ 12:34 ಇರಬೇಕು. ಅದೇ ನವೆಂಬರ್ 3ರಂದು 20 ಕೂಡಿಸಿ 16 ಕಳೆಯಬೇಕು, 12:04 ಆಗುವ ಹೊತ್ತಿಗೆ ನೆರಳು ತಳಕ್ಕೆ ಬಂದಿರುತ್ತದೆ. ಈ ತಿದ್ದುಪಡಿ ಹಾಕದೆ ‘ಯಂತ್ರ ಸರಿಯಿಲ್ಲ’ ಎಂದು ದೋಣಿಯನ್ನು ತಿರುಗಿಸಿ ಕೂರಿಸುವವರು ಆ ದಿನಕ್ಕೆ ಗೆದ್ದು ಉಳಿದ ದಿನಗಳಿಗೆಲ್ಲ ಸೋಲುತ್ತಾರೆ.

ಪಂಚಾಂಗದ ಗಳಿಗೆಗೆ ಹೊಂದಿಸುವವರಿಗೆ ಇನ್ನೊಂದು ಮಾತು. ಪಂಚಾಂಗ ಎಣಿಸುವುದು ಸೂರ್ಯೋದಯದಿಂದ. ದೋಣಿಯ ಸೊನ್ನೆ ನೆರಳಿನ ಲೆಕ್ಕದ ಬೆಳಗಿನ ಆರು. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲು ಸುಮಾರು 12 ಗಂಟೆ 50 ನಿಮಿಷ, ಅಂದರೆ 32 ಗಳಿಗೆ. ಆಗ ಸೂರ್ಯ ದೋಣಿಯ ಸೊನ್ನೆಗಿಂತ ಒಂದು ಗಳಿಗೆ ಮೊದಲೇ ಹುಟ್ಟಿರುತ್ತಾನೆ, ಓದಿದ ಅಂಕಿಗೆ ಒಂದು ಕೂಡಿಸಬೇಕು. ಡಿಸೆಂಬರಿನಲ್ಲಿ ಹಗಲು 11 ಗಂಟೆ 20 ನಿಮಿಷಕ್ಕೆ ಇಳಿಯುವುದರಿಂದ ಮುಕ್ಕಾಲು ಗಳಿಗೆಗಿಂತ ತುಸು ಹೆಚ್ಚು ಕಳೆಯಬೇಕು.

ನೆರಳಿನ ಅಂಚು ಯಾಕೆ ಮಬ್ಬು

ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿಗಿಂತ ತುಸು ಅಗಲದ ಬಿಲ್ಲೆ. ಅಷ್ಟು ಅಗಲ ದಾಟಲು ಅವನಿಗೆ ಎರಡು ನಿಮಿಷ ಬೇಕು. ಹಾಗಾಗಿ ಯಾವ ನೆರಳಿನ ಅಂಚೂ ಎರಡು ನಿಮಿಷದಷ್ಟು ಅಗಲಕ್ಕೆ ಮಬ್ಬಾಗಿರುತ್ತದೆ. ನಮ್ಮ ದೋಣಿಯಲ್ಲಿ ಅದು 0.7 ಮಿ.ಮೀ. ಯಂತ್ರವನ್ನು ದೊಡ್ಡದು ಮಾಡಿದರೆ ಹೋದೀತೇ ಎಂದರೆ ಇಲ್ಲ. ಜೈಪುರದ ಸಾಮ್ರಾಟ್ ಯಂತ್ರದಲ್ಲಿ ನೆರಳು ಸೆಕೆಂಡಿಗೆ ಸುಮಾರು 1 ಮಿ.ಮೀ. ಓಡುತ್ತದೆ, ಕಣ್ಣಿಗೇ ಕಾಣುವಷ್ಟು. ಆದರೆ ಮಬ್ಬು ಕೂಡ ಅದೇ ಪ್ರಮಾಣದಲ್ಲಿ ಹಿಗ್ಗಿ ಅರ್ಧ ಗೇಣನ್ನೂ ಮೀರುತ್ತದೆ.

ಅಂಚನ್ನು ಓದುವ ಬದಲು ನಡುವನ್ನು ಓದಿದರೆ ಇದು ಬಹುಪಾಲು ತಪ್ಪುತ್ತದೆ. ಗೋಡೆಯ ಬದಲು ತಂತಿ ಹೇಳಿದ್ದು ಅದಕ್ಕೇ. 2 ಮಿ.ಮೀ. ತಂತಿಯ ನೆರಳಿನಲ್ಲಿ ಎರಡು ಬದಿಯ ಮಬ್ಬಿನ ನಡುವೆ ಕಡುಕಪ್ಪು ಪಟ್ಟಿ ಉಳಿಯುತ್ತದೆ, ಅದರ ಮಧ್ಯವನ್ನು ಕಣ್ಣು ಸುಲಭವಾಗಿ ಹಿಡಿಯುತ್ತದೆ. ಅರ್ಧ ಮಿ.ಮೀ. ತಂತಿ ಹಾಕಿದರೆ ಕಪ್ಪು ಪಟ್ಟಿಯೇ ಇರದೆ ನೆರಳು ಬೂದಿಯಾಗಿ ಹರಡುತ್ತದೆ. ಹೀಗೆ ಓದಿದರೆ ಒಂದು ನಿಮಿಷದ ಆಚೀಚೆ ಹೊತ್ತು ಸಿಗುತ್ತದೆ.

ಗಳಿಗೆ ಬಟ್ಟಲು

ನೀರಿನ ಗಡಿಯಾರದಲ್ಲಿ ಎರಡು ಜಾತಿ. ಒಂದು, ಪಾತ್ರೆಯಿಂದ ನೀರು ಸೋರಿಸುವುದು. ಇದರ ರೋಗ ಹುಟ್ಟಿನಿಂದಲೇ ಬಂದದ್ದು: ಮಟ್ಟ ಇಳಿದಂತೆ ಒತ್ತಡ ಇಳಿದು ಧಾರೆ ಸೊರಗುತ್ತದೆ. 40 ಸೆಂ.ಮೀ. ನೀರಿದ್ದಾಗಿನ ಧಾರೆಯ ವೇಗ 10 ಸೆಂ.ಮೀ.ಗೆ ಇಳಿದಾಗ ಅರ್ಧಕ್ಕೆ ಬರುತ್ತದೆ. ಈಜಿಪ್ಟಿನ ಕಾರ್ನಾಕ್‌ನಲ್ಲಿ ಸಿಕ್ಕ, ಮೂರನೇ ಅಮೆನ್‌ಹೊಟೆಪ್ ದೊರೆಯ ಕಾಲದ ಪಾತ್ರೆ ಬಕೆಟ್ಟಿನಂತೆ ಮೇಲೆ ಅಗಲ, ಕೆಳಗೆ ಕಿರಿದು. ಧಾರೆ ಸೊರಗುವಷ್ಟು ಹೊತ್ತಿಗೆ ಪಾತ್ರೆಯೂ ಕಿರಿದಾದರೆ ಮಟ್ಟ ಒಂದೇ ಸಮ ಇಳಿಯುತ್ತದೆ ಎಂಬ ಉಪಾಯ.

ಇನ್ನೊಂದು ಜಾತಿ ನಮ್ಮದು. ತಳದಲ್ಲಿ ಸಣ್ಣ ತೂತಿರುವ ಖಾಲಿ ಬಟ್ಟಲನ್ನು ನೀರಿನ ಮೇಲೆ ತೇಲಬಿಡುವುದು. ತೂತಿನಿಂದ ನೀರು ಒಳಗೆ ಬಂದು, ತುಂಬಿ, ಬಟ್ಟಲು ಮುಳುಗುತ್ತದೆ. ಶುದ್ಧ ನೀರಿನ ಕೊಳಗದಲ್ಲಿಟ್ಟ ತಾಮ್ರದ ಪಾತ್ರೆ ಹಗಲು ರಾತ್ರಿ ಸೇರಿ 60 ಸಲ ಮುಳುಗಬೇಕು ಎನ್ನುತ್ತದೆ ಸೂರ್ಯಸಿದ್ಧಾಂತ. ಇದರ ಜಾಣತನ ಎಲ್ಲಿದೆಯೆಂದರೆ, ನೀರನ್ನು ಒಳಗೆ ದೂಡುವುದು ಹೊರಗಿನ ಮಟ್ಟಕ್ಕೂ ಒಳಗಿನ ಮಟ್ಟಕ್ಕೂ ಇರುವ ವ್ಯತ್ಯಾಸ. ಆ ವ್ಯತ್ಯಾಸವನ್ನು ನಿರ್ಧರಿಸುವುದು ಬಟ್ಟಲಿನ ತೂಕ. ನೆಟ್ಟಗಿನ ಗೋಡೆಯ ಪಾತ್ರೆಯಲ್ಲಿ ಅದು ಮೊದಲಿನಿಂದ ಕೊನೆಯವರೆಗೂ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಕೊಳಗದಲ್ಲಿ ನೀರು ತುಸು ಹೆಚ್ಚಿದ್ದರೂ ಕಡಿಮೆ ಇದ್ದರೂ ಬಟ್ಟಲು ತಾನೇ ಏರಿಳಿದು ಹೊಂದಿಕೊಳ್ಳುತ್ತದೆ.

ಮಾಡಲು 10 ಸೆಂ.ಮೀ. ವ್ಯಾಸ, 5 ಸೆಂ.ಮೀ. ಎತ್ತರದ, ಚಪ್ಪಟೆ ತಳದ ತೆಳು ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಒಟ್ಟು ತೂಕ 100 ಗ್ರಾಂ ಇರುವಂತೆ ನೋಡಿಕೊಳ್ಳಬೇಕು. ಡಬ್ಬಿ 90 ಗ್ರಾಂ ಇದ್ದರೆ ಇನ್ನೂ ಒಳ್ಳೆಯದು, ಮಿಕ್ಕ 10 ಗ್ರಾಂಗೆ ಹಿತ್ತಾಳೆಯ ವಾಷರುಗಳನ್ನು ತಳಕ್ಕೆ ಅಂಟಿಸಬಹುದು. ಇದು ನೀರಿನಲ್ಲಿ ಸುಮಾರು 1.3 ಸೆಂ.ಮೀ. ಆಳ ಕೂರುತ್ತದೆ. ಮುಳುಗುವ ಮುನ್ನ ಸುಮಾರು 290 ಮಿ.ಲೀ. ನೀರು ಒಳಗೆ ಬರಬೇಕು, ಅದು 24 ನಿಮಿಷ ಹಿಡಿಯಬೇಕು ಎಂದರೆ ತೂತು 0.9 ಮಿ.ಮೀ. ಆಸುಪಾಸು ಬರುತ್ತದೆ. ತಳದ ನಡುವೆ 0.8 ಮಿ.ಮೀ. ಬಿಟ್‌ನಿಂದ ಕೊರೆದು, ಒಳಗೂ ಹೊರಗೂ ಎದ್ದ ಚೂರನ್ನು ನುಣ್ಣಗಿನ ಮರಳುಕಾಗದದಿಂದ ತೆಗೆಯಿರಿ. ತೂತನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು. ಆದ್ದರಿಂದ ಚಿಕ್ಕದರಿಂದಲೇ ಶುರು ಮಾಡಿ.

ತಳ ದಪ್ಪವಿರುವ ಪಾತ್ರೆ ಬೇಡ. ದಪ್ಪ ತಳದ ತೂತು ಸಣ್ಣ ನಳಿಕೆಯಂತಾಗುತ್ತದೆ, ನಳಿಕೆಯಲ್ಲಿ ನೀರಿನ ಮಂದತನದ ಆಟ ಹೆಚ್ಚು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ನೀರಿಗಿಂತ 10 ಡಿಗ್ರಿಯ ನೀರು ಒಂದೂವರೆ ಪಟ್ಟಿಗೂ ಮಿಕ್ಕಿ ಮಂದ. ತೆಳು ತಗಡಿನ ತೂತಿನಲ್ಲಿ ಇದರ ಪರಿಣಾಮ ಬಹಳ ಕಡಿಮೆ. ಚಳಿ ಇನ್ನೂ ಹೆಚ್ಚಿರುವ ಕಡೆ ಬೇರೆಯದೇ ಪಾಡು. ಚೀನಾದಲ್ಲಿ 976ರಲ್ಲಿ ಚಾಂಗ್ ಸಿಶೂನ್ ಎಂಬಾತ ತನ್ನ ಗಡಿಯಾರಕ್ಕೆ ನೀರಿನ ಬದಲು ಪಾದರಸ ತುಂಬಿದ್ದು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆಂದೇ.

ತೇಲಬಿಡುವ ಕ್ರಮ

ಮೊದಲ ಸಲ ತೇಲಬಿಟ್ಟವರು ಬೆಚ್ಚುವುದು ಇದಕ್ಕೆ: ತೂತಿದ್ದರೂ ನೀರು ಒಳಗೆ ಬರುವುದೇ ಇಲ್ಲ. ಇಷ್ಟು ಸಣ್ಣ ತೂತಿನಲ್ಲಿ ನೀರಿನ ಮೇಲ್ಮೈ ಸೆಳೆತ ಒಂದು ಪೊರೆಯಂತೆ ಅಡ್ಡ ನಿಲ್ಲುತ್ತದೆ, 1.3 ಸೆಂ.ಮೀ. ಆಳದ ಒತ್ತಡ ಅದನ್ನು ಒಡೆಯಲು ಸಾಲದು. ತೂತಿನ ಒಳಬದಿಗೆ ಎರಡು ಹನಿ ನೀರು ಬಿಟ್ಟು ಒದ್ದೆ ಮಾಡಿದರೆ ಪೊರೆ ಇಲ್ಲವಾಗಿ ಹರಿವು ತಕ್ಷಣ ಶುರುವಾಗುತ್ತದೆ. ಪ್ರತಿ ಸಲವೂ ಒದ್ದೆ ಬಟ್ಟಲನ್ನೇ ತೇಲಬಿಡಿ.

ಇದೇ ಸೆಳೆತ ಕೊನೆಯಲ್ಲೂ ಕಾಡುತ್ತದೆ. ಬಾಯಿಯ ಅಂಚು ನೀರಿನ ಮಟ್ಟಕ್ಕೆ ಬಂದರೂ, ಅಂಚು ಒಣಗಿದ್ದರೆ ಅಥವಾ ಎಣ್ಣೆ ಜಿಡ್ಡಿದ್ದರೆ, ಸುತ್ತ ನೀರು ಉಬ್ಬಿ ನಿಂತು ಒಳಗೆ ನುಗ್ಗದು. ಬಟ್ಟಲು ಇಳಿಯುವುದು 24 ನಿಮಿಷಕ್ಕೆ 37 ಮಿ.ಮೀ. ಮಾತ್ರ. ಅಂಚು 2 ಮಿ.ಮೀ. ತಡೆದು ನಿಂತರೂ ಒಂದು ನಿಮಿಷ 18 ಸೆಕೆಂಡು ಹೋಯಿತು. ಸೀಗೆಪುಡಿಯಿಂದಲೋ ಹುಣಸೆಹಣ್ಣಿನಿಂದಲೋ ಉಜ್ಜಿ ತೊಳೆದು, ಅಂಚನ್ನು ಒದ್ದೆ ಮಾಡಿಯೇ ಇಡಬೇಕು. ಸೋಪಿನ ಅಂಶ ಮಾತ್ರ ಕೊಳಗಕ್ಕೆ ಹೋಗಬಾರದು, ಅದು ಮೇಲ್ಮೈ ಸೆಳೆತವನ್ನೇ ಬದಲಿಸುತ್ತದೆ.

ಬಟ್ಟಲು ಓರೆಯಾಗಿ ತೇಲಿದರೂ ಬೇಗ ಮುಳುಗುತ್ತದೆ, ತಗ್ಗಿದ ಬದಿಯಿಂದ ನೀರು ನುಗ್ಗುವುದರಿಂದ. ವಾಷರುಗಳನ್ನು ತೂತಿನ ಸುತ್ತ ಸಮನಾಗಿ ಅಂಟಿಸಿದರೆ ಇದು ಸರಿಹೋಗುತ್ತದೆ. ಕೊಳಗವನ್ನು ಗಾಳಿ ಬೀಸದ ಕಡೆ ಇಡಿ.

ಬಟ್ಟಲನ್ನು ನೆರಳಿನಿಂದ ತಿದ್ದುವುದು

ಬಟ್ಟಲು ಎಷ್ಟು ಅಂಗುಲ, ಎಷ್ಟು ತೂಕ, ತೂತು ಎಷ್ಟು ತೂಕದ ಚಿನ್ನದ ಸೂಜಿಯಿಂದ ಮಾಡಿದ್ದು ಎಂದೆಲ್ಲ ಲಲ್ಲನಂಥ ಜ್ಯೋತಿಷಿಗಳು ವಿಧಿಸಿದ್ದರು. 12ನೇ ಶತಮಾನದ ಭಾಸ್ಕರಾಚಾರ್ಯನಿಗೆ ಇದು ಬೇಕಾಗಲಿಲ್ಲ. ಅರ್ಧ ಕೊಡದಂಥ ತಾಮ್ರದ ಪಾತ್ರೆ ತೆಗೆದುಕೋ, ಹಗಲು ರಾತ್ರಿಯಲ್ಲಿ ಎಷ್ಟು ಸಲ ಮುಳುಗುತ್ತದೆಂದು ಎಣಿಸು, ದಿನವನ್ನು ಅದರಿಂದ ಭಾಗಿಸು, ಅದೇ ಅದರ ಅಳತೆ ಎಂದು ಹೇಳಿ ಮುಗಿಸಿದ. ಕೆಲಸ ಬಲ್ಲವನ ಮಾತು. ಕೂದಲೆಳೆಯಷ್ಟು ತೂತನ್ನು ಅಳೆದು ಮಾಡುವುದಕ್ಕಿಂತ ಮಾಡಿದ್ದನ್ನು ಅಳೆಯುವುದು ಸುಲಭ.

ಇಡೀ ದಿನದ ಬದಲು ಹತ್ತು ಬಟ್ಟಲಿನ ಪರೀಕ್ಷೆ ನಮಗೆ ಸಾಕು. ನೆರಳನ್ನು ಒಂದು ನಿಮಿಷದ ಆಚೀಚೆ ಓದಬಹುದು ಎಂದೆವು. ಒಂದೇ ಬಟ್ಟಲನ್ನು ಪರೀಕ್ಷಿಸಿದರೆ ಆ ಒಂದು ನಿಮಿಷವೂ ಅದರ ಮೇಲೆ ಬೀಳುತ್ತದೆ, ಹತ್ತರ ಮೇಲೆ ಹಂಚಿದರೆ ಬಟ್ಟಲಿಗೆ 6 ಸೆಕೆಂಡು. ಬೆಳಗ್ಗೆ ನೆರಳು 5ನೇ ಗಳಿಗೆಯ ಗೆರೆಗೆ ಬಂದಾಗ ಬಟ್ಟಲು ಬಿಡಿ. ಮುಳುಗಿದೊಡನೆ ಎತ್ತಿ, ಬರಿದು ಮಾಡಿ, ಮತ್ತೆ ಬಿಡಿ. ಪ್ರತಿ ಮುಳುಗಿಗೆ ಒಂದು ಹುಣಸೆ ಬೀಜವನ್ನು ಲೋಟಕ್ಕೆ ಹಾಕಿ, ಇಲ್ಲದಿದ್ದರೆ ಎಣಿಕೆ ತಪ್ಪುವುದು ಖಂಡಿತ. ಹತ್ತನೆಯದು ಮುಳುಗಿದಾಗ ನೆರಳು ನೋಡಿ.

ಹತ್ತು ಗಳಿಗೆಗೆ ನೆರಳು 79.6 ಮಿ.ಮೀ. ಸರಿಯಬೇಕಿತ್ತು, 76 ಮಾತ್ರ ಸರಿದಿದೆ ಎಂದುಕೊಳ್ಳಿ. ಅಂದರೆ 9.55 ಗಳಿಗೆ, 229 ನಿಮಿಷ. ಬಟ್ಟಲು 22 ನಿಮಿಷ 54 ಸೆಕೆಂಡಿಗೇ ಮುಳುಗುತ್ತಿದೆ, 66 ಸೆಕೆಂಡು ಬೇಗ. ತೂತಿಗೆ ಕೈ ಹಾಕಬೇಡಿ, ತೂಕ ತೆಗೆಯಿರಿ. ಈ ಅಳತೆಯ ಡಬ್ಬಿಯಲ್ಲಿ 1 ಗ್ರಾಂ ತೆಗೆದರೆ ಸುಮಾರು 12 ಸೆಕೆಂಡು ನಿಧಾನವಾಗುತ್ತದೆ, ಒಂದು ಗ್ರಾಂ ಕೂಡಿಸಿದರೆ ಅಷ್ಟೇ ಚುರುಕಾಗುತ್ತದೆ. ಐದೂವರೆ ಗ್ರಾಂ ವಾಷರು ತೆಗೆದರೆ ಲೆಕ್ಕ ಸರಿ. ತೂಗಲು ಅಕ್ಕಸಾಲಿಗರ ತಕ್ಕಡಿ ಬೇಕು, ದಿನಸಿ ಅಂಗಡಿಯದು ಸಾಲದು.

ಪರೀಕ್ಷೆಯಲ್ಲಿ ಬಟ್ಟಲನ್ನು ಎತ್ತಿ ಮತ್ತೆ ಬಿಡುವ ಹೊತ್ತೂ ಸೇರಿರುವುದನ್ನು ಗಮನಿಸಿ. ಒಂದು ಸಲಕ್ಕೆ 8 ಸೆಕೆಂಡು ಎಂದರೂ 60 ಸಲಕ್ಕೆ 8 ನಿಮಿಷ. ಅಳೆಯುವಾಗ ಹೇಗೆ ಎತ್ತಿದಿರೋ ಆಮೇಲೂ ಹಾಗೆಯೇ ಎತ್ತಿದರೆ ಆ ನಷ್ಟ ತನ್ನಷ್ಟಕ್ಕೆ ಲೆಕ್ಕದಲ್ಲಿ ಅಡಗುತ್ತದೆ. ರಾತ್ರಿ ತೂಕಡಿಸುತ್ತ ಅರ್ಧ ನಿಮಿಷ ತಡವಾಗಿ ಎತ್ತಿದರೆ ಅಡಗುವುದಿಲ್ಲ, ಬೆಳಗಾಗುವ ಹೊತ್ತಿಗೆ ಕಾಲು ಗಂಟೆ ಹಿಂದುಳಿದಿರುತ್ತೀರಿ.

ದಿನ ಕಳೆದಂತೆ ಕೆಡುವುದು

ಸರಿಮಾಡಿದ ಬಟ್ಟಲು ವಾರ ಕಳೆದ ಮೇಲೆ ನಿಧಾನವಾಗುತ್ತಿದ್ದರೆ ಬೋರ್‌ವೆಲ್ ನೀರನ್ನು ಸಂಶಯಿಸಿ. ಗಡಸು ನೀರಿನ ಬಿಳಿ ಉಪ್ಪು ತೂತಿನ ಅಂಚಿಗೆ ಕಟ್ಟುತ್ತದೆ. ತೂತಿನ ವ್ಯಾಸ 0.02 ಮಿ.ಮೀ. ಕುಗ್ಗಿದರೂ, ಅಂದರೆ ಕೂದಲಿನ ದಪ್ಪದ ಮೂರನೇ ಒಂದು ಪಾಲಿಗಿಂತ ಕಡಿಮೆ, ಬಟ್ಟಲು ಒಂದು ನಿಮಿಷ ತಡವಾಗುತ್ತದೆ. ದಿನಕ್ಕೆ ಒಂದು ಗಂಟೆ. ಮಳೆನೀರು ಅಥವಾ ಕಾಯಿಸಿ ಸೋಸಿದ ನೀರು ಬಳಸಿ. ಉಪ್ಪು ಕಟ್ಟಿದ್ದರೆ ನಿಂಬೆರಸದಲ್ಲಿ ನೆನೆಸಿಡಿ, ಸೂಜಿ ಹಾಕಿ ಕೆದಕಿದರೆ ತೂತು ಹಿಗ್ಗಿ ಮತ್ತೆ ಮೊದಲಿನಿಂದ ತಿದ್ದಬೇಕಾಗುತ್ತದೆ.

ಇದ್ದಕ್ಕಿದ್ದಂತೆ ನಿಂತೇ ಹೋದರೆ ಕಸ ಸಿಕ್ಕಿದೆ. ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಮದುವೆಯ ಮುಹೂರ್ತ ತಪ್ಪಿದ್ದು ಅವಳ ಒಡವೆಯ ಮುತ್ತೊಂದು ಬಟ್ಟಲಿಗೆ ಬಿದ್ದು ತೂತು ಮುಚ್ಚಿದ್ದರಿಂದ ಎಂಬ ಕತೆಯಿದೆ. ಅದು ಮೊದಲು ಕಾಣುವುದು ಭಾಸ್ಕರನ ‘ಲೀಲಾವತಿ’ ಗ್ರಂಥಕ್ಕೆ ನಾನೂರು ವರ್ಷ ಆಮೇಲೆ ಬಂದ ಪರ್ಷಿಯನ್ ಅನುವಾದದಲ್ಲಿ, ಹಾಗಾಗಿ ಇತಿಹಾಸವೆಂದು ನಂಬಬೇಕಿಲ್ಲ. ಕತೆ ಕಟ್ಟಿದವರಿಗೆ ಮಾತ್ರ ಬಟ್ಟಲು ಎಲ್ಲಿ ಕೈಕೊಡುತ್ತದೆಂದು ಚೆನ್ನಾಗಿ ಗೊತ್ತಿತ್ತು.

ಎಣಿಕೆಯನ್ನು ಸಾರುವುದರಲ್ಲೂ ತೊಡಕಿತ್ತು. ಬಾಬರ್ ಹಿಂದೂಸ್ತಾನದ ಗಡಿಯಾಲಿಗಳನ್ನು ಕಂಡು ಬರೆದದ್ದಿದೆ. ಬಟ್ಟಲು ಮುಳುಗಿದಂತೆ ಅವರು ಗಳಿಗೆಯ ಸಂಖ್ಯೆಯನ್ನು ಜಾಗಟೆಯ ಮೇಲೆ ಬಾರಿಸುತ್ತಿದ್ದರು, ಎಷ್ಟನೇ ಜಾವ ಎಂಬುದನ್ನು ಜಾವ ಮುಗಿದಾಗ ಮಾತ್ರ. ನಡುರಾತ್ರಿ ಎಚ್ಚರಾದವನಿಗೆ ಮೂರು ಹೊಡೆತ ಕೇಳಿದರೆ ಅದು ಎರಡನೇ ಜಾವದ್ದೋ ಮೂರನೆಯದ್ದೋ ತಿಳಿಯದು. ಗಳಿಗೆ ಬಾರಿಸಿ ತುಸು ಬಿಟ್ಟು ಜಾವದ ಗುರುತನ್ನೂ ಬಾರಿಸಿ ಎಂದು ಆತ ಆಜ್ಞೆ ಮಾಡಿದ.

ಇಷ್ಟೆಲ್ಲ ತಿದ್ದಿದ ಬಟ್ಟಲು ಪ್ರತಿ ಸಲ 6 ಸೆಕೆಂಡು ತಪ್ಪಿದರೂ ದಿನಕ್ಕೆ 6 ನಿಮಿಷ ಆಗುತ್ತದೆ. ನಡುಹಗಲಿನಿಂದ ನಡುಹಗಲಿಗೆ ಇರುವ ಅವಧಿ 24 ಗಂಟೆಗಿಂತ ಡಿಸೆಂಬರ್ ಕೊನೆಯಲ್ಲಿ 30 ಸೆಕೆಂಡು ಉದ್ದ, ಸೆಪ್ಟೆಂಬರ್ ನಡುವಿನಲ್ಲಿ 21 ಸೆಕೆಂಡು ಗಿಡ್ಡ. ಸೂರ್ಯನ ಈ ಏರುಪೇರನ್ನು ಹಿಡಿಯುವಷ್ಟು ನುಣುಪು ಬಟ್ಟಲಿಗೆ ಇರಲಿಲ್ಲ. ಆದ್ದರಿಂದ ದಿನವೂ ಸೂರ್ಯೋದಯಕ್ಕೆ ಹುಣಸೆ ಬೀಜಗಳನ್ನು ಸುರಿದು, ಲೋಟ ಬರಿದು ಮಾಡಿ, ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿ. ಮೂಡಣ ಮೋಡ ಕವಿದಿದ್ದರೆ ಬಟ್ಟಲನ್ನು ನಿಲ್ಲಿಸದೆ ಎಣಿಸುತ್ತ ಹೋಗಿ, ದೋಣಿಯ ಮೇಲೆ ಮೊದಲ ನೆರಳು ಬಿದ್ದ ಕ್ಷಣ ಅಂಕಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ.